ಬೀಗ ಹಾಕಿದ ಶಾಫ್ಟಿನೊಳಗಿನ ಲೆಕ್ಕ

ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಪ್ರತಿ ಮಹಡಿಯ ಲಿಫ್ಟಿನ ಹತ್ತಿರ ಬೀಗ ಹಾಕಿದ ಒಂದು ಬಾಗಿಲಿರುತ್ತದೆ. ‘ಎಲೆಕ್ಟ್ರಿಕಲ್’ ಎಂದು ಬರೆದಿರುತ್ತದೆ. ಕೀಲಿ ಸೆಕ್ಯೂರಿಟಿಯವರ ಬಳಿ. ತೆಗೆಸಿ ನೋಡಿದರೆ ಎಷ್ಟೋ ಕಡೆ ಮೊದಲು ಕಾಣುವುದು ಪೊರಕೆ, ನೆಲ ಒರೆಸುವ ಬಟ್ಟೆ, ಹಳೇ ಪೇಪರಿನ ಕಟ್ಟು. ಇವುಗಳ ಹಿಂದೆ, ಗೋಡೆಗೆ ಹಿಡಿಸಿದ ಒಂದು ಲೋಹದ ಪೆಟ್ಟಿಗೆ ನೆಲದ ತೂತಿನಿಂದ ಎದ್ದು ಚಾವಣಿಯ ತೂತಿನೊಳಗೆ ಹೋಗಿರುತ್ತದೆ. ಅಗಲ ಒಂದು ಗೇಣು ಇದ್ದರೆ ಹೆಚ್ಚು. ಅದರ ಮೈಮೇಲೆ ಸ್ವಿಚ್ ಇರುವ ಚಿಕ್ಕ ಡಬ್ಬವೊಂದು ಕೂತಿರುತ್ತದೆ. ಆ ಮಹಡಿಯ ಎಲ್ಲ ಮನೆಗಳಿಗೂ ಕರೆಂಟ್ ಬರುವುದು ಅಲ್ಲಿಂದ.

ಈ ಪೆಟ್ಟಿಗೆಗೆ ಬಸ್‌ಬಾರ್ ಟ್ರಂಕಿಂಗ್ ಎನ್ನುತ್ತಾರೆ. ಕಟ್ಟಡದುದ್ದಕ್ಕೂ ನೆಟ್ಟಗೆ ಏರಿದಾಗ ಅದೇ ರೈಸಿಂಗ್ ಮೇನ್. ಕೇಬಲ್ಲಿನ ಬದಲು ಒಳಗೆ ಅಲ್ಯೂಮಿನಿಯಂ ಅಥವಾ ತಾಮ್ರದ ಪಟ್ಟಿಗಳಿರುತ್ತವೆ: ಮೂರು ಫೇಸ್, ಒಂದು ನ್ಯೂಟ್ರಲ್. ಈಗಿನವುಗಳಲ್ಲಿ ಪಟ್ಟಿಗಳ ಮೈಗೆ ಇನ್ಸುಲೇಷನ್ ಹೊದಿಸಿ, ಒಂದರ ಮೇಲೊಂದು ಒತ್ತಿಟ್ಟು, ಹೊರಗಿನಿಂದ ಲೋಹದ ಕವಚ ಬಿಗಿದಿರುತ್ತಾರೆ. ಇದು ಸ್ಯಾಂಡ್‌ವಿಚ್ ಮಾದರಿ. 3 ಮೀಟರಿನಷ್ಟು ಉದ್ದದ ತುಂಡುಗಳಾಗಿ ಬರುತ್ತದೆ. ಸೈಟಿನಲ್ಲಿ ಬೋಲ್ಟ್ ಹಾಕಿ ಒಂದಕ್ಕೊಂದು ಜೋಡಿಸುತ್ತಾರೆ. ಮೀಟರುಗಳನ್ನು ಮಹಡಿಗಳಲ್ಲೇ ಇಡುವ ಕಟ್ಟಡಗಳಿಗೆ ಇದು ತುಂಬ ಅನುಕೂಲ. ನೂರು ಮನೆಗೆ ನೂರು ಕೇಬಲ್ ಎಳೆಯುವ ಗೋಜಿಲ್ಲ.

ಈ ಪೆಟ್ಟಿಗೆ ಎಷ್ಟು ಆಂಪಿಯರಿನದಾಗಿರಬೇಕು ಎಂದು ಹೇಗೆ ತೀರ್ಮಾನಿಸುತ್ತಾರೆ? ಒಂದು ಕಟ್ಟಡವನ್ನು ಹಿಡಿದು ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ 24 ಮಹಡಿ, ಮಹಡಿಗೆ 4 ಮನೆ, ಒಟ್ಟು 96 ಮನೆ. ಮನೆಗೆ 8 ಕಿಲೋವ್ಯಾಟ್ ಎಂದರೆ 768 ಕಿಲೋವ್ಯಾಟ್. ಆದರೆ 96 ಮನೆಯ ಗೀಸರ್, ಎಸಿ, ಇಂಡಕ್ಷನ್ ಒಲೆಗಳೆಲ್ಲ ಒಂದೇ ಕ್ಷಣದಲ್ಲಿ ಉರಿಯುವುದಿಲ್ಲ. ಅರ್ಧದಷ್ಟು ಒಟ್ಟಿಗೆ ಬಂದೀತು ಎಂದುಕೊಂಡರೆ 384 ಕಿಲೋವ್ಯಾಟ್. 415 ವೋಲ್ಟ್, 0.9 ಪವರ್ ಫ್ಯಾಕ್ಟರಿಗೆ ಇದು 594 ಆಂಪಿಯರ್ ಆಗುತ್ತದೆ. ಮಾರುಕಟ್ಟೆಯಲ್ಲಿ 400, 630, 800, 1000 ಆಂಪಿಯರಿನ ಟ್ರಂಕಿಂಗ್ ಸಿಗುತ್ತವೆ. 594ಕ್ಕೆ 630 ಸಾಕಲ್ಲ, ಇನ್ನೂ 36 ಉಳಿಯಿತು! ಕೊಟೇಶನ್ ಕಡಿಮೆ ಮಾಡಬೇಕೆಂದಿರುವ ಬಿಲ್ಡರ್ ಇಲ್ಲಿಗೇ ಪುಸ್ತಕ ಮುಚ್ಚುತ್ತಾನೆ.

ಆ 630 ಎಂಬ ಅಂಕಿ ಯಾವ ಪರಿಸ್ಥಿತಿಗೆ ಹೇಳಿದ್ದು ಎಂಬುದನ್ನು ಆತ ನೋಡಿರುವುದಿಲ್ಲ. ಬಸ್‌ಬಾರ್ ಟ್ರಂಕಿಂಗಿಗೆ ಅನ್ವಯಿಸುವ ಮಾನಕ ಐಇಸಿ 61439, ಅದರ 6ನೇ ಭಾಗ. ಅದರ ಪ್ರಕಾರ ಸುತ್ತಲಿನ ಗಾಳಿಯ ಉಷ್ಣತೆ ದಿನದ ಸರಾಸರಿಯಲ್ಲಿ 35 ಡಿಗ್ರಿ ದಾಟಬಾರದು, ಯಾವ ಹೊತ್ತಿನಲ್ಲೂ 40 ಮೀರಬಾರದು. ಬೇರೇನೂ ಹೇಳದಿದ್ದರೆ ಪೆಟ್ಟಿಗೆಯ ಮೇಲಿನ ಆಂಪಿಯರ್ ಈ ಹವೆಗೆ ಸಂಬಂಧಿಸಿದ್ದು. ಕರೆಂಟ್ ಹರಿದಾಗ ಪಟ್ಟಿ ಬಿಸಿಯಾಗುತ್ತದೆ. ಸುತ್ತಲಿನ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಯಿತು ಎಂಬುದೇ ಉಷ್ಣತೆಯ ಏರಿಕೆ. ಪಟ್ಟಿ 105 ಡಿಗ್ರಿಯವರೆಗೆ ಹೋಗಬಹುದು ಎಂದು ತಯಾರಕರು ಹೇಳಿದ್ದರೆ, 35 ಡಿಗ್ರಿಯ ಗಾಳಿಯಲ್ಲಿ ಅದಕ್ಕೆ 70 ಡಿಗ್ರಿ ಏರಲು ಅವಕಾಶವಿದೆ. ಗಾಳಿಯೇ 45 ಡಿಗ್ರಿ ಇದ್ದರೆ ಉಳಿಯುವುದು 60. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ 60ನ್ನು 70ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.92 ಬರುತ್ತದೆ. ಅಂದರೆ 630ರ ಪೆಟ್ಟಿಗೆ ಆ ಶಾಫ್ಟಿನಲ್ಲಿ 580ರ ಪೆಟ್ಟಿಗೆ. ನಮ್ಮ 594 ಅದಕ್ಕೆ ಆಗಲೇ ಭಾರ. ಇದು ಅಂದಾಜಿನ ದಾರಿ. ಕೊನೆಯ ಮಾತು ತಯಾರಕರು ಕೊಡುವ ಕೋಷ್ಟಕದ್ದು. ಪೆಟ್ಟಿಗೆ ಮಲಗಿದೆಯೋ ನಿಂತಿದೆಯೋ ಎಂಬುದಕ್ಕೂ ಕೆಲವರ ಕೋಷ್ಟಕದಲ್ಲಿ ಬೇರೆ ಗುಣಾಂಕ ಇರುತ್ತದೆ. ರೈಸಿಂಗ್ ಮೇನ್ ನಿಂತೇ ಇರುವುದರಿಂದ ಅದನ್ನು ಕೇಳಿ ತಿಳಿದುಕೊಳ್ಳಬೇಕು.

ಬೆಂಗಳೂರಿನಲ್ಲಿ 45 ಡಿಗ್ರಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಅದನ್ನು ತರುವುದು ಈ ಪೆಟ್ಟಿಗೆಯೇ. 1000 ಆಂಪಿಯರಿನ ಅಲ್ಯೂಮಿನಿಯಂ ಟ್ರಂಕಿಂಗಿನಲ್ಲಿ ಫೇಸ್ ಪಟ್ಟಿಯ ಅಡ್ಡಕೊಯ್ತ 540 ಚದರ ಮಿಲಿಮೀಟರ್ ಎಂದಿಟ್ಟುಕೊಂಡರೆ, 650 ಆಂಪಿಯರ್ ಹರಿಯುವ ಕೆಳಗಿನ ಮಹಡಿಯಲ್ಲಿ ಮೀಟರಿಗೆ ಸುಮಾರು 80 ವ್ಯಾಟ್ ಶಾಖವಾಗಿ ಹೋಗುತ್ತದೆ. ಮೇಲೇರುತ್ತ ಮನೆಗಳು ಕಡಿಮೆಯಾಗುತ್ತವೆ, ಕರೆಂಟೂ ಇಳಿಯುತ್ತದೆ. 75 ಮೀಟರನ್ನೂ ಕೂಡಿಸಿದರೆ ಹೆಚ್ಚುಕಡಿಮೆ 2 ಕಿಲೋವ್ಯಾಟ್. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಒಂದು ಗೀಸರನ್ನು ಹಚ್ಚಿಟ್ಟ ಹಾಗೆ. ಅದರ ಬಹುಪಾಲು ಬಿಸಿ ಕೆಳಗಿನ ಏಳೆಂಟು ಮಹಡಿಗಳಲ್ಲೇ ಇರುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಹೊರಗಿನ ಗಾಳಿಯೇ ಬೇಸಿಗೆಯಲ್ಲಿ 42 ದಾಟುತ್ತದೆ. ಅಲ್ಲಿ ಶಾಫ್ಟಿಗೆ 50 ಎಂದು ಹಿಡಿಯದೆ ಲೆಕ್ಕ ಶುರು ಮಾಡುವುದೇ ತಪ್ಪು.

ಇನ್ನೆರಡು ಸಂಗತಿ ಸೇರಿಸಬೇಕು. ಮನೆಗಳನ್ನು ಮೂರು ಫೇಸಿಗೆ ಎಷ್ಟೇ ಹಂಚಿದರೂ ಒಂದರ ಮೇಲೆ ಹೊರೆ ಹೆಚ್ಚು ಬೀಳುತ್ತದೆ. ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 653 ಆಂಪಿಯರ್. ಎರಡನೆಯದು ಹಾರ್ಮೋನಿಕ್ಸ್. ಎಲ್‌ಇಡಿ ದೀಪ, ಟಿವಿ, ಲ್ಯಾಪ್‌ಟಾಪ್ ಚಾರ್ಜರ್, ಇನ್ವರ್ಟರ್ ಎಸಿ ಮುಂತಾದವು ಕರೆಂಟನ್ನು ಒಂದೇ ಸಮನೆ ಎಳೆಯದೆ ಕಚ್ಚಿ ಕಚ್ಚಿ ಎಳೆಯುತ್ತವೆ. ಇದರಿಂದ ಹುಟ್ಟುವ ಮೂರನೆಯ ಹಾರ್ಮೋನಿಕ್ ಮೂರು ಫೇಸುಗಳಲ್ಲಿ ಒಂದನ್ನೊಂದು ಕಳೆಯುವುದಿಲ್ಲ. ಮೂರರದ್ದೂ ಕೂಡಿಕೊಂಡು ನ್ಯೂಟ್ರಲ್ಲಿಗೆ ಬರುತ್ತದೆ. ಖಾಲಿ ಇರಬೇಕಿದ್ದ ನಾಲ್ಕನೇ ಪಟ್ಟಿಯೂ ಬಿಸಿಯಾಗುತ್ತದೆ. ಸ್ಯಾಂಡ್‌ವಿಚ್ಚಿನಲ್ಲಿ ನಾಲ್ಕೂ ಮೈಗೆ ಮೈ ಅಂಟಿಸಿಕೊಂಡಿರುವುದರಿಂದ ಒಂದರ ಬಿಸಿ ಉಳಿದವುಗಳಿಗೂ ತಗಲುತ್ತದೆ. ಕೇಬಲ್ಲಿನ ಲೆಕ್ಕದಲ್ಲಿ ಮೂರನೆಯ ಹಾರ್ಮೋನಿಕ್ ಶೇ. 15ರಿಂದ 33ರೊಳಗಿದ್ದರೆ 0.86ರಿಂದ ಇಳಿಸುವುದು ರೂಢಿ. ತಯಾರಕರು ಬೇರೆ ಹೇಳದಿದ್ದರೆ ಇಲ್ಲೂ ಅದನ್ನೇ ಹಿಡಿಯುವುದು ಕ್ಷೇಮ. 653ನ್ನು 0.92ರಿಂದಲೂ 0.86ರಿಂದಲೂ ಭಾಗಿಸಿದರೆ 825 ಬರುತ್ತದೆ. 800 ದಾಟಿತು. ಹಾಗಾಗಿ ಹಾಕಬೇಕಾದದ್ದು 1000 ಆಂಪಿಯರ್, ಅದೂ ಫೇಸಿನಷ್ಟೇ ದಪ್ಪದ ನ್ಯೂಟ್ರಲ್ ಇರುವಂಥದ್ದು. ಅರ್ಧ ನ್ಯೂಟ್ರಲ್ಲಿನ ಹಳೆಯ ಪದ್ಧತಿಯನ್ನು ವಸತಿ ಕಟ್ಟಡಗಳಲ್ಲಿ ಇನ್ನು ಕೈಬಿಡಬೇಕು.

630ರದ್ದನ್ನೇ ಹಾಕಿದ್ದರೆ ಏನಾಗುತ್ತಿತ್ತು? ಓವರ್‌ಲೋಡ್ ಆದರೆ ಬ್ರೇಕರ್ ಬೀಳುತ್ತದಲ್ಲ ಎಂಬುದು ಎಲ್ಲರ ಸಮಾಧಾನ. ಇಲ್ಲಿ ಬೀಳುವುದಿಲ್ಲ. 630ಕ್ಕೆ ಇಟ್ಟ ಬ್ರೇಕರ್ ಅದರ 1.05 ಪಟ್ಟು, ಅಂದರೆ 661 ಆಂಪಿಯರಿನವರೆಗೆ ಬೀಳಬಾರದೆಂದೇ ಮಾಡಿರುತ್ತಾರೆ. ನಮ್ಮದು 653. ಶಾಫ್ಟಿನೊಳಗಿನ ಗಾಳಿ ಎಷ್ಟು ಬಿಸಿ, ಸ್ಯಾಂಡ್‌ವಿಚ್ಚಿನ ನಾಲ್ಕನೇ ಪಟ್ಟಿ ಪಕ್ಕದವನ್ನು ಎಷ್ಟು ಕಾಯಿಸುತ್ತಿದೆ ಎಂಬುದು ನೆಲಮಾಳಿಗೆಯ ಪ್ಯಾನೆಲ್ಲಿನಲ್ಲಿ ಕೂತ ಬ್ರೇಕರಿಗೆ ಹೇಗೆ ಗೊತ್ತಾಗಬೇಕು? ಬೇಸಿಗೆಯ ರಾತ್ರಿ ಎಸಿಗಳು ನಾಲ್ಕೈದು ಗಂಟೆ ಎಡೆಬಿಡದೆ ಓಡಿದರೆ ಪಟ್ಟಿಯ ಏರಿಕೆ 70ರ ಬದಲು 100 ಡಿಗ್ರಿ ಮುಟ್ಟುತ್ತದೆ. 45ರ ಮೇಲೆ ಅದು 145. ಮೊದಲ ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಇನ್ಸುಲೇಷನ್ ಗಡುಸಾಗುತ್ತ, ಬಿರಿಯುತ್ತ ಹೋಗಿ, ಒಂದು ದಿನ ಫೇಸಿಗೆ ಫೇಸು ತಗಲುತ್ತದೆ.

ಆಗ ಬೇಕಾಗುವುದೇ ಶಾರ್ಟ್ ಸರ್ಕ್ಯೂಟ್ ರೇಟಿಂಗ್. ನಮ್ಮ ಕಟ್ಟಡಕ್ಕೆ 11 ಕಿಲೋವೋಲ್ಟನ್ನು 433 ವೋಲ್ಟಿಗೆ ಇಳಿಸುವ 1000 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ ಎನ್ನಿ. ಪೂರ್ಣ ಹೊರೆಯಲ್ಲಿ ಅದು ಕೊಡುವುದು 1333 ಆಂಪಿಯರ್. ಅದರ ಇಂಪೀಡೆನ್ಸ್ ಶೇ. 5. ಪ್ಯಾನೆಲ್ಲಿನಲ್ಲೇ ಶಾರ್ಟ್ ಆದರೆ 1333ರ ಇಪ್ಪತ್ತು ಪಟ್ಟು, ಹತ್ತಿರ ಹತ್ತಿರ 27 ಸಾವಿರ ಆಂಪಿಯರ್ ನುಗ್ಗುತ್ತದೆ. ಬ್ರೇಕರ್ ಬೀಳುವವರೆಗೆ ಟ್ರಂಕಿಂಗ್ ಇದನ್ನು ತಾಳಿಕೊಳ್ಳಬೇಕು. ಕ್ಯಾಟಲಾಗುಗಳಲ್ಲಿ ‘ಇಷ್ಟು ಕಿಲೋ ಆಂಪಿಯರ್, 1 ಸೆಕೆಂಡ್’ ಎಂದು ಕೊಟ್ಟಿರುವುದು ಇದನ್ನೇ. 540 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಒಂದು ಸೆಕೆಂಡಿನಲ್ಲಿ 90 ಡಿಗ್ರಿಯಿಂದ 250 ಡಿಗ್ರಿಗೆ ಏರಲು ಸುಮಾರು 50 ಕಿಲೋ ಆಂಪಿಯರ್ ಬೇಕು. ಆದ್ದರಿಂದ ಬಿಸಿಯ ಮಟ್ಟಿಗೆ ನಮ್ಮ 1000 ಆಂಪಿಯರಿನ ಪೆಟ್ಟಿಗೆ ನಿರಾಳ.

ಬಿಸಿಗಿಂತ ಮೊದಲೇ ಬರುವುದು ಹೊಡೆತ. ಶಾರ್ಟ್ ಆದ ಮೊದಲ ಅರೆ ಆವರ್ತದಲ್ಲಿ, ಅಂದರೆ ಸೆಕೆಂಡಿನ ನೂರನೇ ಒಂದು ಭಾಗದೊಳಗೆ, ಕರೆಂಟಿನ ಶಿಖರ 27ರ 2.1 ಪಟ್ಟಾಗಿ 56 ಕಿಲೋ ಆಂಪಿಯರ್ ಮುಟ್ಟುತ್ತದೆ. ಕರೆಂಟ್ ಹರಿಯುವ ಪಟ್ಟಿಗಳು ಒಂದನ್ನೊಂದು ಎಳೆಯುತ್ತವೆ, ಇಲ್ಲವೇ ತಳ್ಳುತ್ತವೆ. ಆ ಬಲವೂ ಕರೆಂಟಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಪಟ್ಟಿಗಳ ನಡುವೆ 50 ಮಿಲಿಮೀಟರ್ ಅಂತರವಿರುವ ಹಳೆಯ ಗಾಳಿ ಮಾದರಿಯಲ್ಲಿ ಲೆಕ್ಕ ಹಾಕಿದರೆ ಮೀಟರಿಗೆ ಒಂದು ಟನ್ನಿಗೂ ಹೆಚ್ಚು ತೂಕದ ಬಲ ಬರುತ್ತದೆ. ಒಳಗಿನ ಆಧಾರಗಳು ಬಲವಾಗಿಲ್ಲದಿದ್ದರೆ ಪಟ್ಟಿ ಬಾಗುತ್ತದೆ, ಪಿಂಗಾಣಿ ಬಿರಿಯುತ್ತದೆ. ಸ್ಯಾಂಡ್‌ವಿಚ್ಚಿನಲ್ಲಿ ಅಂತರ ಕಡಿಮೆಯಾಗಿ ಬಲ ಇನ್ನೂ ಹೆಚ್ಚುತ್ತದೆ, ಆದರೆ ಉದ್ದಕ್ಕೂ ಬಿಗಿದ ಕವಚ ಅದನ್ನು ತಡೆದುಕೊಳ್ಳುತ್ತದೆ. ದುರ್ಬಲ ಜಾಗ ಎಂದರೆ ಜಾಯಿಂಟ್. ಆದ್ದರಿಂದ ತಯಾರಕರ ಪರೀಕ್ಷಾ ವರದಿ ನೋಡುವಾಗ ಪರೀಕ್ಷೆಗೆ ಇಟ್ಟ ತುಂಡಿನಲ್ಲಿ ಜಾಯಿಂಟೂ ಟ್ಯಾಪ್-ಆಫ್ ಡಬ್ಬವೂ ಇದ್ದವೇ ಎಂದು ನೋಡಬೇಕು.

24ನೇ ಮಹಡಿಗೆ ಹೋಗುವಷ್ಟರಲ್ಲಿ ಟ್ರಂಕಿಂಗಿನದೇ ಪ್ರತಿರೋಧ ಸೇರಿ ಈ 27 ಸಾವಿರ 18 ಸಾವಿರಕ್ಕೆ ಇಳಿದಿರುತ್ತದೆ. ಹಾಗೆಂದು ಮೇಲಿನ ಮಹಡಿಗಳಿಗೆ ಕಡಿಮೆ ಶಕ್ತಿಯ ಟ್ಯಾಪ್-ಆಫ್ ಬ್ರೇಕರ್ ಹಾಕಿ ಉಳಿತಾಯ ಮಾಡುವವರಿದ್ದಾರೆ. ನನ್ನ ಮತ ಕೇಳಿದರೆ ಎಲ್ಲ ಮಹಡಿಗೂ 36 ಕಿಲೋ ಆಂಪಿಯರಿನ ಒಂದೇ ಬಗೆಯ ಬ್ರೇಕರ್ ಇರಲಿ. ಐದು ವರ್ಷದ ನಂತರ ಎರಡನೇ ಮಹಡಿಯದು ಕೆಟ್ಟಾಗ ಇಪ್ಪತ್ತನೆಯದರಿಂದ ಬಿಚ್ಚಿ ತಂದು ಹಾಕುವುದನ್ನು ಯಾರೂ ತಪ್ಪಿಸಲಾರರು. ಇದಕ್ಕಿಂತ ದೊಡ್ಡ ಅಪಾಯ ಬಸ್ ಕಪ್ಲರ್. ಎರಡು ಟ್ರಾನ್ಸ್‌ಫಾರ್ಮರ್ ಇರುವ ಕಡೆ ಒಂದು ಕೆಟ್ಟಾಗ ಇನ್ನೊಂದರಿಂದ ಕರೆಂಟ್ ಕೊಡಲು ಇರುವ ಸ್ವಿಚ್ ಅದು. ಎರಡೂ ಚಾಲೂ ಇರುವಾಗಲೇ ಅದನ್ನೂ ಹಾಕಿದರೆ ಶಾರ್ಟ್ ಕರೆಂಟ್ ಎರಡರಷ್ಟಾಗಿ 53 ಸಾವಿರ ದಾಟುತ್ತದೆ. 50ರ ಪೆಟ್ಟಿಗೆ ಆಗ ಸಾಲದು. ಮೂರರಲ್ಲಿ ಎರಡಕ್ಕಿಂತ ಹೆಚ್ಚು ಒಟ್ಟಿಗೆ ಹಾಕಲಾಗದಂತೆ ಇಂಟರ್‌ಲಾಕ್ ಇರಬೇಕು, ಯಾರೂ ಅದನ್ನು ಬೈಪಾಸ್ ಮಾಡಿರಬಾರದು.

ಈಗ ಶಾಫ್ಟಿನ ತೂತಿನ ವಿಷಯ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಚೇರಿ ಕಟ್ಟಡದಲ್ಲಿ ವಿದ್ಯುತ್ ಡಕ್ಟಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿ 9 ಜನ ಸತ್ತರು. ಕೆಳಗಿನಿಂದ ಮೇಲಿನವರೆಗೆ ತೆರೆದಿರುವ ಶಾಫ್ಟ್ ಬೆಂಕಿಯ ಪಾಲಿಗೆ ಹೊಗೆ ಕೊಳವೆ. ಅದಕ್ಕೇ ವಿದ್ಯುತ್ ಶಾಫ್ಟನ್ನು ಪ್ರತಿ ಮಹಡಿಯ ಸ್ಲ್ಯಾಬಿನ ಮಟ್ಟದಲ್ಲಿ, ಆ ಸ್ಲ್ಯಾಬಿನಷ್ಟೇ ಹೊತ್ತು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನೀರಿನ ಪೈಪು, ಗ್ಯಾಸ್ ಪೈಪುಗಳನ್ನು ಅದೇ ಶಾಫ್ಟಿನಲ್ಲಿ ಒಯ್ಯಬಾರದು ಎಂದೂ ಹೇಳುತ್ತದೆ.

ಎರಡು ಗಂಟೆ ಬೆಂಕಿ ತಡೆಯುತ್ತದೆ ಎಂದರೆ ಪರೀಕ್ಷಾ ಕುಲುಮೆಯಲ್ಲಿ ಸಾಮಾನ್ಯ ಮಾತಲ್ಲ. ಒಂದು ಗಂಟೆಗೆ 945 ಡಿಗ್ರಿ, ಎರಡು ಗಂಟೆಗೆ 1049 ಡಿಗ್ರಿ. ಜ್ವಾಲೆ ಆಚೆ ದಾಟಬಾರದು. ಅಷ್ಟೇ ಸಾಲದು, ಆಚೆ ಬದಿಯ ಮೈ ಯಾವ ಬಿಂದುವಿನಲ್ಲೂ 180 ಡಿಗ್ರಿಗಿಂತ ಹೆಚ್ಚು ಏರಬಾರದು. ಸ್ಲ್ಯಾಬಿನ ತೂತಿನಲ್ಲಿ ಸುಮ್ಮನೆ ಗಾರೆ ತುಂಬಿದರೆ ಜ್ವಾಲೆ ನಿಂತೀತು, ಆದರೆ ಅಲ್ಯೂಮಿನಿಯಂ ತಾನೇ ಬಿಸಿಯನ್ನು ಮೇಲಿನ ಮಹಡಿಗೆ ಒಯ್ಯುತ್ತದೆ. 660 ಡಿಗ್ರಿಗೆ ಕರಗಿ ಸೋರಿದರೆ ಅಲ್ಲಿ ತೂತೇ ಬೀಳುತ್ತದೆ. ಅದಕ್ಕೆ ಪೆಟ್ಟಿಗೆಯ ಸುತ್ತ ಮಿನರಲ್ ವುಲ್, ಬಿಸಿಗೆ ಉಬ್ಬಿ ಸಂದು ಮುಚ್ಚುವ ಫೈರ್ ಸೀಲೆಂಟ್, ಬೇಕಾದರೆ ಪೆಟ್ಟಿಗೆಯೊಳಗೂ ಕಾರ್ಖಾನೆಯಲ್ಲೇ ಕೂರಿಸಿದ ತಡೆ ಇರಬೇಕು. ಪಟ್ಟಿಗಳ ನಡುವೆ ಗಾಳಿ ಇರುವ ಮಾದರಿಗೆ ಒಳಗಿನ ತಡೆ ಇಲ್ಲದೆ ಆಗುವುದೇ ಇಲ್ಲ. ಈ ಟ್ರಂಕಿಂಗನ್ನು ಈ ಸೀಲಿನೊಂದಿಗೆ, ಈ ದಪ್ಪದ ಸ್ಲ್ಯಾಬಿನಲ್ಲಿ ಸುಟ್ಟು ನೋಡಿದ ವರದಿಯೇ ಬೇಕು. ಬಿಡಿಬಿಡಿಯಾಗಿ ಎರಡಕ್ಕೂ ಸರ್ಟಿಫಿಕೇಟ್ ಇದೆ ಎಂದರೆ ಒಪ್ಪಬಾರದು.

ಸೈಟಿನಲ್ಲಿ ನಡೆಯುವುದೇ ಬೇರೆ. “ಸಾರ್, ಫೋಮ್ ಹೊಡ್ದಿದೀವಲ್ಲ, ಒಂದು ಇರುವೆ ಕೂಡ ದಾಟಲ್ಲ” ಎಂದು ಮೇಸ್ತ್ರಿ ತೋರಿಸುವುದು ಬಾಗಿಲ ಚೌಕಟ್ಟಿನ ಸಂದಿಗೆ ಹೊಡೆಯುವ ಹಳದಿ ಪಿಯು ಫೋಮ್. ಮಾಮೂಲಿ ಪಿಯು ಫೋಮ್ ತಾನೇ ಉರಿಯುವ ವಸ್ತು. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಒಳತಡೆ ಇರುವ ತುಂಡು ಸ್ಲ್ಯಾಬಿನ ದಪ್ಪದೊಳಗೇ ಕೂರಬೇಕು. ಡ್ರಾಯಿಂಗಿನಲ್ಲಿ ಮಹಡಿಯ ಎತ್ತರ 3 ಮೀಟರ್. ಕಟ್ಟಿದ ಮೇಲೆ ಪ್ರತಿ ಮಹಡಿಯಲ್ಲಿ 10 ಮಿಲಿಮೀಟರ್ ಹೆಚ್ಚಾದರೂ 15ನೇ ಮಹಡಿಯ ಹೊತ್ತಿಗೆ 150 ಮಿಲಿಮೀಟರ್, ಅಂದರೆ ಒಂದು ಸ್ಲ್ಯಾಬಿನ ದಪ್ಪದಷ್ಟು ವ್ಯತ್ಯಾಸ. ತಡೆ ಸ್ಲ್ಯಾಬಿನಿಂದ ಕೆಳಗೆ ಬಿದ್ದಿರುತ್ತದೆ, ತೂತಿನೊಳಗೆ ಬರಬಾರದ ಜಾಯಿಂಟ್ ಬಂದು ಕೂತಿರುತ್ತದೆ. ಟೇಪ್ ಹಿಡಿದು ಕಟ್ಟಿದ ಕಟ್ಟಡವನ್ನೇ ಅಳೆದು ಕಾರ್ಖಾನೆಗೆ ಆರ್ಡರ್ ಕೊಡುವುದೊಂದೇ ದಾರಿ.

ಇಷ್ಟೆಲ್ಲ ಮಾಡಿ ಸೀಲ್ ಹಾಕಿದಾಗ ಮೊದಲಿನ ಲೆಕ್ಕ ಮತ್ತೆ ಎದುರಿಗೆ ಬರುತ್ತದೆ. ತೆರೆದ ಶಾಫ್ಟಿನಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗುತ್ತಿತ್ತು. ಈಗ ಪ್ರತಿ ಮಹಡಿಯೂ ಮುಚ್ಚಿದ ಪೆಟ್ಟಿಗೆ, ಅದರ ಬಿಸಿ ಅದಕ್ಕೇ. 45 ಡಿಗ್ರಿ ಎಂದು ಹಿಡಿದದ್ದು ಈ ಕಾರಣಕ್ಕೆ. ಸೀಲಿಲ್ಲದ ಶಾಫ್ಟಿಗೆ ಲೆಕ್ಕ ಹಾಕಿ ಆಮೇಲೆ ಫೈರ್ ಎನ್‌ಒಸಿಗಾಗಿ ಸೀಲ್ ಹಾಕಿಸಿದರೆ ಆ ಲೆಕ್ಕ ಅಂದೇ ಸುಳ್ಳಾಯಿತು. ಸೀಲಿಗೂ ಬಿಸಿಯ ಕಾಟ ತಪ್ಪಿದ್ದಲ್ಲ. 75 ಮೀಟರಿನ ಅಲ್ಯೂಮಿನಿಯಂ 50 ಡಿಗ್ರಿ ಬಿಸಿಯಾದರೆ 85 ಮಿಲಿಮೀಟರಿನಷ್ಟು ಹಿಗ್ಗುತ್ತದೆ, ರಾತ್ರಿ ಹಿಗ್ಗಿ ಬೆಳಗ್ಗೆ ಕುಗ್ಗುತ್ತದೆ. ಮಹಡಿಗೊಂದು ಸ್ಪ್ರಿಂಗ್ ಆಧಾರ, ನಡುನಡುವೆ ಹಿಗ್ಗಲು ಜಾಗ ಕೊಡುವ ಎಕ್ಸ್‌ಪಾನ್ಶನ್ ತುಂಡು ಇಲ್ಲದಿದ್ದರೆ ಜಾಯಿಂಟಿನ ಬೋಲ್ಟ್ ಸಡಿಲವಾಗುತ್ತದೆ. ಗಟ್ಟಿ ಗಾರೆಯ ಸೀಲಾದರೆ ಒಂದೆರಡು ವರ್ಷದಲ್ಲಿ ಪೆಟ್ಟಿಗೆಯ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಹೊಗೆಗೆ ಅಷ್ಟು ಸಾಕು.

ಸಡಿಲ ಜಾಯಿಂಟನ್ನು ಮೊದಲೇ ಪತ್ತೆ ಮಾಡಬಹುದು. ಬೇಸಿಗೆಯ ರಾತ್ರಿ ಹತ್ತರ ಮೇಲೆ, ಹೊರೆ ಹೆಚ್ಚಿರುವಾಗ, ಥರ್ಮಲ್ ಕ್ಯಾಮೆರಾದಿಂದ ಪ್ರತಿ ಜಾಯಿಂಟಿನ ಕವಚವನ್ನೂ ಅದರ ಪಕ್ಕದ ನೇರ ತುಂಡನ್ನೂ ನೋಡಬೇಕು. ಒಂದು ಜಾಯಿಂಟ್ ಉಳಿದ ಜಾಯಿಂಟುಗಳಿಗಿಂತ ಹತ್ತು ಡಿಗ್ರಿ ಬಿಸಿ ಇದ್ದರೆ ಸಪ್ಲೈ ತೆಗೆಸಿ ಬೋಲ್ಟನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಪರೀಕ್ಷಿಸಬೇಕು. ಹಗಲು ಹನ್ನೊಂದಕ್ಕೆ ಬಂದು ಫೋಟೋ ತೆಗೆದುಕೊಂಡು ‘ಎಲ್ಲ ಸರಿಯಿದೆ’ ಎಂದು ಬರೆದುಕೊಡುವ ವರದಿಗೆ ದುಡ್ಡು ಕೊಡಬೇಡಿ. ಆಗ ಪೆಟ್ಟಿಗೆಯಲ್ಲಿ ಕರೆಂಟೇ ಇರುವುದಿಲ್ಲ.

ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ಬಾಗಿಲು ತೆಗೆಸಿ. ಪೊರಕೆ, ಪೇಪರ್ ಹೊರಗೆ ಹಾಕಿಸಿ. ತೂತಿನಲ್ಲಿ ಹಳದಿ ಫೋಮ್ ಕಂಡರೆ ಕಿತ್ತು ಬೇರೆ ಸೀಲ್ ಹಾಕಿಸಲು ತೀರ್ಮಾನ ಮಾಡಿ. ಆದರೆ ಸೀಲ್ ಹಾಕಿಸುವ ಮೊದಲು, ಟ್ರಂಕಿಂಗನ್ನು ಎಷ್ಟು ಡಿಗ್ರಿಯ ಶಾಫ್ಟಿಗೆ ಲೆಕ್ಕ ಹಾಕಿದ್ದೀರಿ ಎಂದು ಬಿಲ್ಡರಿನ ಎಂಜಿನಿಯರ್ ಹತ್ತಿರ ಲಿಖಿತವಾಗಿ ಕೇಳಿ ಪಡೆಯಿರಿ.